‘ರಿಪೋರ್ಟಿಂಗ್ ವೀಕ್’ ಎಂದು ಬರೆಯುವ ಬದಲು

ದಾವಣಗೆರೆ ಜಿಲ್ಲೆಯಲ್ಲಿ ಬಿತ್ತನೆ ಬೀಜ ಮಾರುವ ಕಂಪನಿಯೊಂದರ ಉಸ್ತುವಾರಿ ನನ್ನದು. ತಾಲ್ಲೂಕಿಗೊಬ್ಬರಂತೆ ಫೀಲ್ಡ್ ಆಫೀಸರ್‌ಗಳಿದ್ದಾರೆ. ಮುಂಗಾರಿನ ಮೆಕ್ಕೆಜೋಳ ಕೊಯ್ಲಿಗೆ ಬರುವ ಅಕ್ಟೋಬರಿನಲ್ಲೇ ಅವರ ಕೆಲಸದ ಅರ್ಧವಾರ್ಷಿಕ ರಿವ್ಯೂ ಕೂಡ ಬರುತ್ತದೆ. ಫಾರ್ಮಿನಲ್ಲಿ ಅಂಕಿ ತುಂಬುವ ಕಾಲಂಗಳ ಕೆಳಗೆ ಎರಡು ಖಾಲಿ ಚೌಕಗಳಿರುತ್ತವೆ: ಚೆನ್ನಾಗಿ ಮಾಡಿದ್ದು, ಸುಧಾರಿಸಬೇಕಾದ್ದು. ಮೊದಲನೆಯದರಲ್ಲಿ ‘ಹಾರ್ಡ್ ವರ್ಕಿಂಗ್’, ಎರಡನೆಯದರಲ್ಲಿ ‘ರಿಪೋರ್ಟಿಂಗ್ ವೀಕ್’ ಎಂದು ಬರೆದು ಕಳಿಸಿಬಿಡುವುದು ನಮ್ಮ ಲೈನಿನಲ್ಲಿ ರೂಢಿ. ಓದಿದವರಿಗೆ ಅದರಿಂದ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಜಗಳೂರು ತಾಲ್ಲೂಕು ನೋಡಿಕೊಳ್ಳುವ ನಮ್ಮ ಸಹೋದ್ಯೋಗಿಯೊಬ್ಬರಿಗೆ ಆ ಎರಡು ಚೌಕ ತುಂಬಿದ ಬಗೆಯನ್ನು ಇಲ್ಲಿ ಹೇಳುತ್ತೇನೆ. ವಿವರಗಳನ್ನು ಬರೆಯಲು ಅವರ ಒಪ್ಪಿಗೆ ಇದೆ.

ಮೊದಲು ಮಾರಾಟದ ಅಂಕಿ. ಟಾರ್ಗೆಟ್‌ಗಿಂತ ಕಡಿಮೆಯೇ ಇತ್ತು. ಅದೇ ಜಿಲ್ಲೆಯ ಹೊನ್ನಾಳಿಯವರ ಅಂಕಿ ಚೆನ್ನಾಗಿತ್ತು. ಆದರೆ ಹೊನ್ನಾಳಿಗೆ ಭದ್ರಾ ನಾಲೆಯ ನೀರಿದೆ, ಜಗಳೂರಿನ ಹೊಲಗಳು ಬಹುಪಾಲು ಮಳೆಯನ್ನೇ ನಂಬಿವೆ. ಹದ ಮಳೆ ತಡವಾಗಿ ಬಿತ್ತನೆಯೇ ಕಡಿಮೆಯಾದ ವರ್ಷ ಬೀಜ ವಾಪಸ್ ಬರುವುದು ಸಹಜ. ನಮ್ಮದಷ್ಟೇ ಅಲ್ಲ, ಬೇರೆ ಕಂಪನಿಗಳ ಮಾಲೂ ಅದೇ ಡೀಲರ್‌ಗಳ ಗೋದಾಮಿನಲ್ಲಿ ಉಳಿದಿತ್ತು. ಹಾಗಾಗಿ ಅಂಕಿ ಅಂಕಿಯ ಕಾಲಂನಲ್ಲೇ ಇರಲಿ ಎಂದು ಬಿಟ್ಟು, ಕಾರಣವನ್ನು ಒಂದು ಸಾಲಿನಲ್ಲಿ ಬರೆದೆ. ಮಳೆಯನ್ನು ಸುಧಾರಿಸಿಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಬರಹದಲ್ಲಿ ಬರಬೇಕಾದ್ದು ಅವರ ಕೈಯಲ್ಲಿದ್ದ ಸಂಗತಿ ಮಾತ್ರ.

ಅದನ್ನು ಹುಡುಕಲು ನಾನು ನೆನಪನ್ನು ನಂಬುವುದಿಲ್ಲ. ಅಕ್ಟೋಬರಿನಲ್ಲಿ ಕೂತು ನೆನೆಸಿಕೊಂಡರೆ ಸೆಪ್ಟೆಂಬರಿನದ್ದು ಮಾತ್ರ ಕಣ್ಣಿಗೆ ಕಟ್ಟುತ್ತದೆ. ಏಪ್ರಿಲ್‌ನಿಂದಲೇ ಪ್ರತಿಯೊಬ್ಬರ ಹೆಸರಿಗೆ ನೋಟ್‌ಬುಕ್ಕಿನ ಎರಡು ಪುಟ ಬಿಟ್ಟಿರುತ್ತೇನೆ. ಏನಾದರೂ ಕಂಡ ದಿನವೇ ದಿನಾಂಕ, ಊರು, ನಡೆದದ್ದು ಎಂದು ಒಂದು ಸಾಲು ಬರೆಯುತ್ತೇನೆ, ಒಳ್ಳೆಯದನ್ನೂ ಬರೆಯುತ್ತೇನೆ. ಫಾರ್ಮ್ ಬಂದಾಗ ಆ ಪುಟವನ್ನು ತಿಂಗಳುವಾರು ಜೋಡಿಸಿ, ದೂರಿನ ರಿಜಿಸ್ಟರ್ ಮತ್ತು ವಾಟ್ಸಾಪ್ ಗ್ರೂಪಿನ ಫೋಟೊಗಳ ಜೊತೆ ತಾಳೆ ನೋಡುತ್ತೇನೆ. ಯಾವುದಾದರೂ ತಿಂಗಳು ಖಾಲಿ ಇದ್ದರೆ ಆ ತಿಂಗಳು ಅವರು ಕೆಲಸ ಮಾಡಿಲ್ಲವೆಂದಲ್ಲ, ನಾನು ನೋಡಿಲ್ಲವೆಂದು. ಆಗ ಅವರನ್ನೇ ಕೇಳಿ ತುಂಬಿಕೊಳ್ಳುತ್ತೇನೆ.

ಜಗಳೂರಿನವರ ಪುಟದಲ್ಲಿ ಎದ್ದು ಕಂಡದ್ದು ಜುಲೈ ತಿಂಗಳ ಒಂದು ದೂರು. 4ನೇ ತಾರೀಖು ಬಿಳಿಚೋಡು ಭಾಗದ ರೈತರೊಬ್ಬರು ಬೀಜ ಮೊಳಕೆ ಬಂದಿಲ್ಲವೆಂದು ಡೀಲರ್ ಅಂಗಡಿಗೆ ಬಂದರು. ನಮ್ಮವರು ಮರುದಿನ ಬೆಳಿಗ್ಗೆಯೇ ಹೊಲಕ್ಕೆ ಹೋದರು. ಸಾಲು ಅಗೆದು ನೋಡಿದರೆ ಬೀಜ ಆಳಕ್ಕೆ ಬಿದ್ದಿದೆ, ಬಿತ್ತಿದ ಮೇಲೆ ಬಂದ ಜೋರು ಮಳೆಗೆ ಮೇಲ್ಮಣ್ಣು ಗಟ್ಟಿಯಾಗಿದೆ, ಮೊಳಕೆ ಒಳಗೇ ಸುರುಳಿ ಸುತ್ತಿಕೊಂಡಿದೆ. ಅದನ್ನು ಕೈಯಲ್ಲಿ ಹಿಡಿದು ತೋರಿಸಿದ್ದಕ್ಕೆ ರೈತರು ಒಪ್ಪಿದರು, ಪರಿಹಾರ ಕೇಳಲಿಲ್ಲ, ಅದೇ ತಳಿಯನ್ನು ಮತ್ತೆ ಬಿತ್ತಿದರು. ಇಷ್ಟು ಚೆಂದದ ಕೆಲಸದ ವರದಿ ಕಚೇರಿಗೆ ತಲುಪಿದ್ದು 16ಕ್ಕೆ, ಅದೂ ಬೀಜ ಯಾವ ತಂಡದ್ದೆಂದು ಗುರುತಿಸುವ ಲಾಟ್ ನಂಬರ್ ಇಲ್ಲದೆ.

ನಡುವೆ 11ರಂದು ಸೊಕ್ಕೆ ಕಡೆಯ ಡೀಲರ್ ಅದೇ ಲಾಟಿನ ಬಗ್ಗೆ ಫೋನ್ ಮಾಡಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರತಿ ಲಾಟಿನ ಮಾದರಿ ಬೀಜ ಕಂಪನಿಯ ಬಳಿ ಇಟ್ಟಿರುತ್ತಾರೆ. ಮೆಕ್ಕೆಜೋಳದ ಮೊಳಕೆ ಪರೀಕ್ಷೆಗೆ 7 ದಿನ ಬೇಕು. 5ಕ್ಕೇ ಲಾಟ್ ನಂಬರ್ ಸಿಕ್ಕಿದ್ದರೆ 12, 13ರ ಹೊತ್ತಿಗೆ ಫಲಿತಾಂಶ ಕೈಯಲ್ಲಿರುತ್ತಿತ್ತು, ಒಂದೆರಡು ದಿನ ತಡೆಯಿರಿ ಎಂದು ಸೊಕ್ಕೆಯವರಿಗೆ ಧೈರ್ಯವಾಗಿ ಹೇಳಬಹುದಿತ್ತು. ಅವರು ಕಾಯದೆ ಆ ಲಾಟಿನ ಮಾರಾಟ ನಿಲ್ಲಿಸಿ ಉಳಿದ ಪ್ಯಾಕೆಟ್‌ಗಳನ್ನು ವಾಪಸ್ ಕಳಿಸಿದರು. ಕೊನೆಗೆ ಪರೀಕ್ಷೆಯಲ್ಲಿ ಬೀಜ ಚೆನ್ನಾಗಿಯೇ ಇತ್ತು. ಬಿತ್ತನೆಯ ದಿನಗಳು ಅಷ್ಟರಲ್ಲಿ ಮುಗಿದಿದ್ದವು.

ಇಲ್ಲಿಗೆ ಬರೆಯಲು ಕೂತಿದ್ದರೆ ‘ವರದಿ ಬೇಗ ಕಳಿಸಬೇಕು’ ಎಂದಷ್ಟೇ ಆಗುತ್ತಿತ್ತು. ತಡವಾದದ್ದು ಏಕೆಂದು ತಿಳಿಯದೆ ಬರೆದ ಸಲಹೆ ಸಾಮಾನ್ಯವಾಗಿ ಬೇರೆ ರೋಗದ ಔಷಧಿಯಾಗಿರುತ್ತದೆ. ಫಾರ್ಮ್ ತೆರೆಯುವ ಮುನ್ನ ಅವರ ಜೊತೆ ಒಂದು ದಿನ ಡೀಲರ್ ಭೇಟಿಗೆ ಹೋದೆ, ದಾರಿಯಲ್ಲಿ ಕೇಳಿದೆ. ಅವರು ಮುಚ್ಚಿಡಲಿಲ್ಲ: “ಸರ್, ಹೊಲದಾಗೆ ಎಲ್ಲಾ ಗೊತ್ತಾಗುತ್ತೆ. ಮನಿಗೆ ಬಂದು ಆ ಇಂಗ್ಲಿಷ್ ಫಾರ್ಮ್ ಮುಂದೆ ಕುಂತ್ರೆ ಏನ್ ಬರೀಬೇಕು ಅಂತಾನೇ ಹೊಳೆಯಲ್ಲ. ಶನಿವಾರ ನನ್ ತಮ್ಮನ್ನ ಕೂರಿಸ್ಕೊಂಡು ಎಲ್ಲಾ ಒಟ್ಟಿಗೆ ಬರೆಸ್ತೀನಿ.” ಅಂದರೆ ಸೋಮಾರಿತನವೂ ಅಲ್ಲ, ಅಸಡ್ಡೆಯೂ ಅಲ್ಲ. ಶನಿವಾರದ ಹೊತ್ತಿಗೆ ಬೀಜದ ಚೀಲ ಎಲ್ಲೋ ಹೋಗಿರುತ್ತದೆ, ಲಾಟ್ ನಂಬರೂ ಅದರ ಜೊತೆ ಹೋಗಿರುತ್ತದೆ.

ಇದಾದ ಮೇಲೆ ಬರೆದೆ. ಮೊದಲು ಕನ್ನಡದಲ್ಲಿ, ಏಕೆಂದರೆ ಓದಿ ಬಳಸಬೇಕಾದವರು ಅವರು. ಬೆಂಗಳೂರಿನ ಎಚ್‌ಆರ್‌ಗೆ ಅದರ ಇಂಗ್ಲಿಷ್ ಆಮೇಲೆ ಹಾಕಿದೆ. ಚೌಕಗಳಿಗೆ ಹೋದದ್ದು ಇದು:

“ಜುಲೈ 4ರಂದು ಬಿಳಿಚೋಡು ಭಾಗದಿಂದ ಮೊಳಕೆಯ ದೂರು ಬಂದಾಗ ನೀವು ಮರುದಿನ ಬೆಳಿಗ್ಗೆಯೇ ಹೊಲದಲ್ಲಿದ್ದಿರಿ. ಸಾಲು ಅಗೆದು ಬೀಜ ಆಳಕ್ಕೆ ಬಿದ್ದದ್ದನ್ನೂ ಮೇಲ್ಮಣ್ಣು ಗಟ್ಟಿಯಾದದ್ದನ್ನೂ ರೈತರಿಗೆ ಕಣ್ಣಾರೆ ತೋರಿಸಿದಿರಿ. ಅವರು ನಮ್ಮದೇ ತಳಿಯನ್ನು ಮತ್ತೆ ಬಿತ್ತಿದರು. ದೂರು ಬಂದ ಮರುದಿನದೊಳಗೆ ಹೊಲಕ್ಕೆ ಹೋಗುವುದನ್ನೂ ಅಗೆದು ತೋರಿಸುವುದನ್ನೂ ಹೀಗೇ ಮುಂದುವರಿಸಿ.

“ಆ ಭೇಟಿಯ ವರದಿ ಕಚೇರಿಗೆ ಬಂದದ್ದು ಜುಲೈ 16ಕ್ಕೆ, ಲಾಟ್ ನಂಬರ್ ಇರಲಿಲ್ಲ. 11ರಂದು ಸೊಕ್ಕೆಯ ಡೀಲರ್ ಅದೇ ಲಾಟಿನ ಬಗ್ಗೆ ಕೇಳಿದಾಗ ಕಚೇರಿಯಿಂದ ಉತ್ತರ ಕೊಡಲಾಗಲಿಲ್ಲ, ಅವರು ಮಾಲು ವಾಪಸ್ ಕಳಿಸಿದರು. ಆಗಸ್ಟಿನಲ್ಲಿ ಸೈನಿಕ ಹುಳುವಿನ ಬಗ್ಗೆ ಬಂದ ಎರಡು ದೂರುಗಳ ವರದಿಯೂ ವಾರ ದಾಟಿತು.

“ನವೆಂಬರ್ 1ರಿಂದ ದೂರಿನ ಹೊಲ ಬಿಟ್ಟು ಹೊರಡುವ ಮುನ್ನ ಐದು ವಿಷಯ ವಾಟ್ಸಾಪ್‌ನಲ್ಲಿ ಕಳಿಸಿ: ಲಾಟ್ ನಂಬರ್ ಕಾಣುವಂತೆ ಚೀಲದ ಚೀಟಿಯ ಫೋಟೊ, ಬಿತ್ತಿದ ದಿನಾಂಕ, ಎಷ್ಟು ಎಕರೆ, ಅಗೆದ ಸಾಲಿನ ಫೋಟೊ, ನಿಮಗೆ ಕಂಡ ಕಾರಣ. ಕನ್ನಡದಲ್ಲಿರಲಿ, ಮಾತಾಡಿ ಕಳಿಸಿದರೂ ಸರಿ. ಅದನ್ನು ಫಾರ್ಮ್‌ಗೆ ಇಳಿಸುವ ಕೆಲಸ ಕಚೇರಿಯದು. ಡಿಸೆಂಬರ್ ಮೊದಲ ವಾರ ಅಲ್ಲಿಯವರೆಗಿನ ದೂರುಗಳನ್ನು ಇಬ್ಬರೂ ಕೂತು ನೋಡೋಣ.”

ಸಂದರ್ಭ, ಮಾಡಿದ್ದು, ಅದರ ಪರಿಣಾಮ ಎಂಬ ಈ ಕ್ರಮ ತರಬೇತಿಗಳಲ್ಲಿ ಹೇಳಿಕೊಡುವಂಥದ್ದೇ. ಅದನ್ನು ತಪ್ಪಿಗೆ ಬಳಸುತ್ತಾರೆ, ಮೆಚ್ಚುಗೆಗೆ ಬಳಸುವುದಿಲ್ಲ. ಅಲ್ಲೇ ತೂಕ ಕೆಡುವುದು. ಮೆಚ್ಚುಗೆ ‘ಹಾರ್ಡ್ ವರ್ಕಿಂಗ್’ ಎಂದು ಒಂದೇ ಪದದಲ್ಲಿದ್ದು, ಕೊರತೆ ಮಾತ್ರ ದಿನಾಂಕ ಸಮೇತ ಇದ್ದರೆ ಓದುವವರಿಗೆ ಮೊದಲನೆಯದು ಬಾಯಿಮಾತು, ಎರಡನೆಯದು ಚಾರ್ಜ್‌ಶೀಟ್. ಎರಡಕ್ಕೂ ಒಂದೇ ಘಟನೆ ಸಿಕ್ಕಿದ್ದು ನನಗೆ ಅನುಕೂಲವಾಯಿತು, ಯಾವಾಗಲೂ ಹಾಗೆ ಸಿಗುವುದಿಲ್ಲ. ಮೆಚ್ಚುಗೆಯ ಕೊನೆಗೆ ‘ಆದರೆ’ ಹಾಕಿ ಮುಂದಿನದಕ್ಕೆ ಜೋಡಿಸಲಿಲ್ಲ. ‘ಯಾವಾಗಲೂ’, ‘ಎಂದೂ’ ಎಂಬ ಮಾತುಗಳನ್ನೂ ತೆಗೆದೆ. ಅವು ಇದ್ದರೆ ಓದುವವರು ಹಾಗಲ್ಲದ ಒಂದು ದಿನವನ್ನು ಹುಡುಕಲು ಹೊರಡುತ್ತಾರೆ, ವಿಷಯ ಅಲ್ಲೇ ಉಳಿಯುತ್ತದೆ.

ವ್ಯಕ್ತಿಯ ಗುಣದ ಬಗ್ಗೆ ಒಂದು ಪದವೂ ಇರದಂತೆ ನೋಡಿಕೊಂಡದ್ದಕ್ಕೆ ಬಲವಾದ ಕಾರಣವಿದೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಬಗ್ಗೆ ಅದುವರೆಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಲಾಭವಿದ್ದರೂ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಇಳಿದಿತ್ತು. ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬ ಕಡೆ ಹೋದಷ್ಟೂ ಲಾಭ ಕಡಿಮೆ ಎಂಬುದು ಅವರ ವಿವರಣೆ. ‘ವೀಕ್’ ಎಂಬ ಪದ ಮಾಡುವುದು ಅದನ್ನೇ. ಚೀಟಿಯ ಫೋಟೊ ಕಳಿಸಿ ಎಂಬ ಮಾತು ಕಣ್ಣನ್ನು ಚೀಲದ ಮೇಲೆ ಇಡುತ್ತದೆ.

ಫಾರ್ಮ್ ಕಳಿಸುವ ಎರಡು ದಿನ ಮೊದಲು ಕರಡನ್ನು ಅವರ ಕೈಗೆ ಕೊಟ್ಟೆ. ಅದರಲ್ಲಿ ‘ಡೀಲರ್‌ಗಳು ಫೋನ್ ಮಾಡಿದರೆ ನೀವು ಸಿಗುವುದಿಲ್ಲ’ ಎಂಬ ಒಂದು ಸಾಲೂ ಇತ್ತು. “ಯಾವ ಡೀಲರ್ ಹೇಳಿದ್ರು ಸರ್? ಯಾವಾಗ?” ಎಂದರು. ನನಗೆ ಖಚಿತವಾಗಿ ಗೊತ್ತಿದ್ದದ್ದು ಒಬ್ಬರ ಮಾತು ಮಾತ್ರ, ದಿನಾಂಕವಿರಲಿಲ್ಲ. ಸಾಲನ್ನು ಅವರೆದುರೇ ಹೊಡೆದು ಹಾಕಿದೆ. ಕರಡು ತೋರಿಸುವುದು ಇದಕ್ಕೇ: ಅವರು ಅಲ್ಲಗಳೆಯಲಾಗದ ಸಂಗತಿಗಳು ಮಾತ್ರ ಫಾರ್ಮಿನಲ್ಲಿ ಉಳಿಯುತ್ತವೆ, ಉಳಿದದ್ದರ ಬಗ್ಗೆ ಅವರು ವಾದಿಸಲಿಲ್ಲ. ಅಂದು ರೇಟಿಂಗ್ ಮಾತು ತೆಗೆಯಲಿಲ್ಲ. ಐದರಲ್ಲಿ ಮೂರೋ ನಾಲ್ಕೋ ಎಂಬುದು ಮೇಜಿನ ಮೇಲಿದ್ದರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಅದಕ್ಕೆ ಇನ್ನೊಂದು ದಿನ ಕೂತೆವು.

ಅವರ ಪುಟದಲ್ಲಿ ಇನ್ನೂ ಮೂರ್ನಾಲ್ಕು ಕೊರತೆಗಳಿದ್ದವು. ಪ್ರಾತ್ಯಕ್ಷಿಕೆ ತಾಕಿನ ಬೋರ್ಡ್ ತಡವಾಗಿ ಹಾಕಿದ್ದು, ಟೂರ್ ಪ್ಲಾನ್ ಬದಲಿಸಿ ತಿಳಿಸದಿದ್ದದ್ದು, ಹೀಗೆ. ಅವನ್ನು ಆಯಾ ದಿನವೇ ಬಾಯಲ್ಲಿ ಹೇಳಿ ಮುಗಿಸಿದ್ದೆ, ಬರಹಕ್ಕೆ ತರಲಿಲ್ಲ. ಆರು ತಿಂಗಳಿಗೆ ಒಂದು ಬದಲಾವಣೆ ಗಟ್ಟಿಯಾದರೆ ಸಾಕು ಎಂಬುದು ನನ್ನ ಲೆಕ್ಕ. ಮೊದಲ ಸಲ ಕೇಳುವ ದೂರು ಫಾರ್ಮಿನಲ್ಲಿ ಇರಬಾರದು ಎಂಬುದೂ ಅಷ್ಟೇ ಮುಖ್ಯ. ವರದಿ ತಡವಾದದ್ದನ್ನು ಜುಲೈನಲ್ಲೇ ಅವರಿಗೆ ಹೇಳಿದ್ದೆ. ಇನ್ನು ಹಣ ದುರುಪಯೋಗ, ಸುಳ್ಳು ಭೇಟಿ ತೋರಿಸಿದ್ದು ಇಂಥವು ಬಂದರೆ ಈ ಚೌಕದಲ್ಲಿ ಮೆಚ್ಚುಗೆಯ ಪಕ್ಕ ಕೂರಿಸುವ ವಿಷಯಗಳೇ ಅಲ್ಲ, ಅವಕ್ಕೆ ಬೇರೆ ಪತ್ರ, ಬೇರೆ ಕ್ರಮ.

ನವೆಂಬರಿನಲ್ಲಿ ಕೊಳವೆಬಾವಿ ಇರುವ ರೈತರು ಬಿತ್ತನೆ ಶುರು ಮಾಡಿದಾಗ ದೂರುಗಳು ಬಂದವು. ಡಿಸೆಂಬರಿನಲ್ಲಿ ಕೂತು ನೋಡಿದೆವು. ಬಹುತೇಕ ದೂರುಗಳ ಮಾಹಿತಿ ಅದೇ ದಿನ ಬಂದಿತ್ತು, ಹೆಚ್ಚಿನವು ಹೊಲದಲ್ಲೇ ನಿಂತು ಮಾತಾಡಿ ಕಳಿಸಿದ್ದು. ಒಂದೆರಡರಲ್ಲಿ ಚೀಟಿಯ ಫೋಟೊ ಇರಲಿಲ್ಲ, ರೈತರು ಚೀಲ ಎಸೆದಿದ್ದರು. ಅದಕ್ಕೆ ಅವರೇ ದಾರಿ ಹೇಳಿದರು: ಡೀಲರ್ ಬಿಲ್ಲಿನಲ್ಲಿ ಲಾಟ್ ನಂಬರ್ ಇರುತ್ತದೆ, ಹೊಲಕ್ಕೆ ಹೋಗುವ ಮುನ್ನ ಅಂಗಡಿಯಲ್ಲೇ ಅದರ ಫೋಟೊ ತೆಗೆದುಕೊಂಡು ಹೋಗುತ್ತೇನೆ ಎಂದು. ಆ ಸಾಲನ್ನು ಮೂಲ ಬರಹದ ಕೆಳಗೆ ಸೇರಿಸಿ ಇಬ್ಬರೂ ಸಹಿ ಹಾಕಿದೆವು. ಮಾರ್ಚ್‌ನ ಫಾರ್ಮ್ ಬಂದಾಗ ಮೊದಲು ತೆರೆಯುವುದು ಈ ಹಾಳೆಯನ್ನೇ, ಹೊಸ ವಿಷಯ ಆಮೇಲೆ.