ಬ್ರಾಡ್‌ಕಾಸ್ಟ್ ಲಿಸ್ಟ್ ಮೂಲಕ ಮದುವೆಯ ಕರೆಯೋಲೆ: ನನ್ನ ಅನುಭವ

ತಂಗಿಯ ಮದುವೆಗೆ ವಾಟ್ಸ್‌ಆ್ಯಪ್‌ನಲ್ಲಿ ಕರೆಯೋಲೆ ಕಳುಹಿಸುವ ಹೊಣೆ ನನ್ನದಾಗಿತ್ತು. ಗುಂಪು ರಚಿಸಿದರೆ ಎಲ್ಲರ ಉತ್ತರ ಎಲ್ಲರಿಗೂ ಕಾಣುತ್ತದೆ; ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಾದರೆ ಸಂದೇಶವು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಲುಪಿ, ಉತ್ತರ ನನಗೊಬ್ಬನಿಗೇ ಬರುತ್ತದೆ. ಒಂದು ಲಿಸ್ಟ್‌ಗೆ 256 ಮಂದಿಯವರೆಗೆ ಸೇರಿಸಬಹುದು.

ಆದರೆ ಒಂದು ಲಿಸ್ಟ್‌ನಲ್ಲಿರುವ ಎಲ್ಲರಿಗೂ ಹೋಗುವುದು ಒಂದೇ ಒಕ್ಕಣೆ. ಅದರಲ್ಲಿ ಒಬ್ಬೊಬ್ಬರ ಹೆಸರು ತಾನಾಗಿ ಬದಲಾಗುವುದಿಲ್ಲ. ಆದ್ದರಿಂದ ನಾನು ಹಿರಿಯ ಬಂಧುಗಳು, ತಂಗಿಯ ಗೆಳತಿಯರು, ಸಹೋದ್ಯೋಗಿಗಳು ಎಂದು ಬೇರೆ ಬೇರೆ ಲಿಸ್ಟ್ ಮಾಡಿ, ಸಂಬಂಧಕ್ಕೆ ಹೊಂದುವಂತೆ ಮೊದಲ ಸಾಲುಗಳನ್ನು ಬರೆದೆ. ಹಿರಿಯರಿಗೆ, “ಚಿಕ್ಕಂದಿನಿಂದ ಅವಳನ್ನು ಎತ್ತಿ ಆಡಿಸಿದವರು ತಾವು. ತಾವು ಬಂದು ಹರಸಿದರೆ ನಮಗೆ ಸಂತೋಷ” ಎಂದು, ಗೆಳತಿಯರಿಗೆ, “ನೀವಿಲ್ಲದೆ ಅವಳ ಮದುವೆ ಕಳೆಗಟ್ಟದು, ಹಿಂದಿನ ದಿನವೇ ಬನ್ನಿ” ಎಂದು. ತೀರಾ ಹತ್ತಿರದವರನ್ನು ಯಾವ ಲಿಸ್ಟ್‌ಗೂ ಸೇರಿಸದೆ, ಅವರಿಗೆ ಹೆಸರು ಹಿಡಿದು ಬೇರೆಯಾಗಿಯೇ ಬರೆದೆ. ಅಲ್ಲಿ ಅನುಕೂಲವನ್ನು ನೋಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕರೆಯೋಲೆಯ ಚಿತ್ರವನ್ನು ಎಚ್‌ಡಿ ಗುಣಮಟ್ಟದಲ್ಲಿ ಕಳುಹಿಸಿದರೆ ಸಣ್ಣ ಅಕ್ಷರಗಳು ಮಸುಕಾಗುವುದು ಕಡಿಮೆ. ಚಿತ್ರದೊಳಗಿನ ವಿಳಾಸವನ್ನು ಒತ್ತಿದರೆ ನಕ್ಷೆ ತೆರೆಯದ ಕಾರಣ, ಮುಹೂರ್ತದ ಸಮಯವನ್ನೂ ನಕ್ಷೆಯ ಕೊಂಡಿಯನ್ನೂ ಚಿತ್ರದ ಕೆಳಗಿನ ಬರಹದಲ್ಲಿಯೇ ಸೇರಿಸಿದೆ.

ಗೊತ್ತುಪಡಿಸಿದ ಸಮಯಕ್ಕೆ ಸಂದೇಶ ತಾನಾಗಿ ಹೊರಡುವಂತೆ ಮಾಡಲು ಆಂಡ್ರಾಯ್ಡ್‌ನ ಒಂದು ಪ್ರತ್ಯೇಕ ಆ್ಯಪ್ ಬಳಸಿದೆ. ಅದು ಪರದೆಯನ್ನು ಓದಿ ಗುಂಡಿಗಳನ್ನು ಒತ್ತಲು ಬಿಡುವ ಆ್ಯಕ್ಸೆಸಿಬಿಲಿಟಿ ಅನುಮತಿಯನ್ನು ಫೋನಿನಲ್ಲಿ ಪಡೆದು, ಗೊತ್ತುಪಡಿಸಿದ ಹೊತ್ತಿಗೆ ವಾಟ್ಸ್‌ಆ್ಯಪ್ ತೆರೆದು, ನಮ್ಮ ಬದಲಿಗೆ ತಾನೇ ಕಳುಹಿಸುವ ಗುಂಡಿ ಒತ್ತುತ್ತದೆ. ಪರದೆಗೆ ಪಿನ್ ಬೀಗವಿದ್ದರೆ ಅಥವಾ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆ್ಯಪ್ ಅನ್ನು ನಿಲ್ಲಿಸಿದ್ದರೆ ಸಂದೇಶ ಹೊರಡುವುದೇ ಇಲ್ಲ. ಹಾಗಾಗಿ ಆ ಹೊತ್ತಿಗೆ ಬೀಗ ತೆಗೆದು, ಫೋನನ್ನು ಚಾರ್ಜಿಗಿಟ್ಟು ಪಕ್ಕದಲ್ಲೇ ಕುಳಿತಿದ್ದೆ. ಭಾನುವಾರ ಬೆಳಿಗ್ಗೆ 9:30ಕ್ಕೆ ಹಿರಿಯರ ಲಿಸ್ಟ್, ಚಿತ್ರ ಅಪ್‌ಲೋಡ್ ಆಗಲು ಬಿಡುವಿರಲೆಂದು ಹತ್ತು ನಿಮಿಷಗಳ ಅಂತರದಲ್ಲಿ ಉಳಿದವು. ಹಿಂದಿನ ದಿನ ಮನೆಯವರದ್ದೇ ಪುಟ್ಟ ಲಿಸ್ಟ್ ಮಾಡಿ, ಇದೇ ಕ್ರಮವನ್ನು ಪರೀಕ್ಷಿಸಿಕೊಂಡಿದ್ದೆ. ಅನುಮತಿ ವಿಶಾಲವಾದುದರಿಂದ ಕೆಲಸ ಮುಗಿದೊಡನೆ ಆ್ಯಪ್ ಅನ್ನು ತೆಗೆದುಹಾಕಿದೆ.

ಬ್ರಾಡ್‌ಕಾಸ್ಟ್‌ನ ದೊಡ್ಡ ಮಿತಿ ಇನ್ನೊಂದಿದೆ: ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರದವರಿಗೆ ಸಂದೇಶ ತಲುಪುವುದಿಲ್ಲ, ಆ ಬಗ್ಗೆ ನಮಗೆ ಸೂಚನೆಯೂ ಬರುವುದಿಲ್ಲ. ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ‘ಮಾಹಿತಿ’ ತೆರೆದರೆ, ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಪಟ್ಟಿ ಕಾಣುತ್ತದೆ. ಮರುದಿನವೂ ಅಲ್ಲಿ ಹೆಸರಿಲ್ಲದವರಿಗೆ ನೇರವಾಗಿ ಕರೆಯೋಲೆ ಕಳುಹಿಸಿದೆ. ಒಡನೆಯೇ, ತಲುಪಿದೆ ಎಂಬುದರ ಗುರುತಾದ ಎರಡು ಟಿಕ್ ಮೂಡಿದರೆ ಅವರ ಬಳಿ ನನ್ನ ನಂಬರ್ ಇಲ್ಲವೆಂದು ತಿಳಿಯಬಹುದು. ಒಂದೇ ಟಿಕ್ ಉಳಿದವರಿಗೆ ಫೋನ್ ಮಾಡಿ ಕರೆದೆ.