ಆರ್ಡರ್ ಬಿದ್ದ ಮೇಲೆ ಬೆಲೆ ತಿದ್ದುವುದು: ಒಂದು ಕಾಫಿಪುಡಿ ಅಂಗಡಿಯ ಕ್ರಮ

ಚಿಕ್ಕಮಗಳೂರಿನಿಂದ ಕಾಫಿಪುಡಿಯನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುವಾಗ ನಾವು ಅನುಸರಿಸುವ ಕ್ರಮ ಇದು. ಸೈಟ್ ಇರುವುದು ವೂಕಾಮರ್ಸ್ ಎಂಬ ಆನ್‌ಲೈನ್ ಅಂಗಡಿಯ ತಂತ್ರಾಂಶದ ಮೇಲೆ. ವಿವರಿಸಲು ಒಂದು ಲೆಕ್ಕ ಹಿಡಿಯೋಣ. 80 ಪಾಲು ಕಾಫಿ, 20 ಪಾಲು ಚಿಕೋರಿ ಇರುವ 80:20 ಪುಡಿಗೆ ಮೂರು ತೂಕ: ಕಾಲು ಕೆ.ಜಿ. ₹215, ಅರ್ಧ ಕೆ.ಜಿ. ₹410, ಒಂದು ಕೆ.ಜಿ. ₹800. ಬೆಲೆ ಏರಿಸುವಾಗ ಒಂದು ಕೆ.ಜಿ.ಯ ಸಾಲಿಗೂ 410 ಎಂದೇ ಬಿದ್ದಿದೆ. ಬೆಳಿಗ್ಗೆ ನೋಡುವ ಹೊತ್ತಿಗೆ 14 ಆರ್ಡರ್ ಬಂದಿವೆ. ಒಂಬತ್ತಕ್ಕೆ ದುಡ್ಡು ಬಂದಿದೆ, ಅದರಲ್ಲಿ ಎರಡು ಪಾರ್ಸೆಲ್ ಆಗಲೇ ಕೊರಿಯರ್‌ಗೆ ಹೋಗಿವೆ. ಮೂರು ಕ್ಯಾಶ್ ಆನ್ ಡೆಲಿವರಿ. ಉಳಿದೆರಡು ದುಡ್ಡು ಕಟ್ಟದೆ ನಿಂತಿವೆ.

ಇಂಥ ತಪ್ಪು ಇದೆಯೇ ಎಂದು ತಿಳಿಯಲು ಪುಟದ ಮೇಲ್ಭಾಗದಲ್ಲಿ ಕಾಣುವ ಬೆಲೆಯ ವ್ಯಾಪ್ತಿ ನೋಡಿದರೆ ಸಾಕು. ಅಲ್ಲಿ ₹215 – ₹800 ಇರಬೇಕು. ₹215 – ₹410 ಎಂದಿದ್ದರೆ ದೊಡ್ಡ ಪ್ಯಾಕೆಟ್ಟಿನ ಬೆಲೆ ಕೆಟ್ಟಿದೆ ಎಂದೇ ಅರ್ಥ.

ಉತ್ಪನ್ನದ ಪುಟದಲ್ಲಿ ಬೆಲೆ ತಿದ್ದಿದರೆ ಈಗಾಗಲೇ ಬಂದಿರುವ ಆರ್ಡರ್‌ಗಳಲ್ಲಿ ಏನೂ ಬದಲಾಗುವುದಿಲ್ಲ. ಆರ್ಡರ್ ಹುಟ್ಟಿದ ಗಳಿಗೆಯ ಬೆಲೆ ಅದರೊಳಗೇ ಉಳಿಯುತ್ತದೆ. ಕಾರ್ಟ್‌ನಲ್ಲಿ ಇಟ್ಟು ಹೋದವರಿಗೆ ಮಾತ್ರ ಮುಂದಿನ ಸಲ ಹೊಸ ಬೆಲೆ ಕಾಣುತ್ತದೆ. ದುಡ್ಡು ಕಟ್ಟದೆ `Pending payment` ನಲ್ಲಿ ನಿಂತ ಎರಡು ಆರ್ಡರ್‌ಗಳು ಕಾರ್ಟ್ ಅಲ್ಲ, ಅವು ಆರ್ಡರ್‌ಗಳೇ. ಅವುಗಳ ಪೇಮೆಂಟ್ ಲಿಂಕ್ ಹಳೆಯ ₹410ಕ್ಕೇ ತೆರೆಯುತ್ತದೆ. ಅವೆರಡನ್ನು ಕೈಯಿಂದಲೇ `Cancelled` ಮಾಡಿ, ಹೊಸ ಬೆಲೆ ತಿಳಿಸಿ ಬಿಡುತ್ತೇವೆ.

ತಿದ್ದುವ ಮೊದಲು ಪುಟದ ಸ್ಕ್ರೀನ್‌ಶಾಟ್ ತೆಗೆದಿಡಬೇಕು: ಬೆಲೆ, ಚಿತ್ರ, ವಿವರಣೆ, ಎಲ್ಲ. ನಾಳೆ ಯಾರಾದರೂ ಪ್ರಶ್ನಿಸಿದರೆ ಅವರು ಕಂಡದ್ದು ಏನು ಎಂಬುದಕ್ಕೆ ನಮ್ಮಲ್ಲೂ ಸಾಕ್ಷಿ ಬೇಕು. ಆಮೇಲೆ ಮಾರಾಟ ನಿಲ್ಲಿಸುವುದು. ಪುಟವನ್ನು `Draft` ಮಾಡಿದರೆ ಕೊಂಡವರು ಲಿಂಕ್ ಒತ್ತಿದಾಗ ಪುಟವೇ ಸಿಗುವುದಿಲ್ಲ. ದುಡ್ಡು ಕಟ್ಟಿದವರಿಗೆ ಅಂಗಡಿ ಓಡಿಹೋದಂತೆ ಕಾಣುತ್ತದೆ. ಆದ್ದರಿಂದ ಆ ಒಂದು ತೂಕವನ್ನು ಮಾತ್ರ `Out of stock` ಮಾಡುತ್ತೇವೆ. ಆ ಸಾಲಿನಲ್ಲಿ `Manage stock?` ಗುರುತು ಹಾಕಿದ್ದರೆ `Out of stock` ಅನ್ನು ನೇರವಾಗಿ ಆರಿಸಲು ಬರುವುದಿಲ್ಲ. ಸಂಖ್ಯೆಯನ್ನು 0 ಮಾಡಿ, ಸ್ಟಾಕ್ ಇಲ್ಲದಿದ್ದರೂ ಆರ್ಡರ್ ಪಡೆಯುವ ಬ್ಯಾಕ್‌ಆರ್ಡರ್‌ಗೆ `Do not allow` ಇಡಬೇಕು. ಬಳಿಕ ಸರಿಯಾದ ಬೆಲೆ ಹಾಕಿ, ಸೈಟ್ ಉಳಿಸಿಟ್ಟುಕೊಂಡ ಪುಟದ ಹಳೆಯ ಪ್ರತಿಗಳನ್ನು, ಅಂದರೆ `cache` ಅನ್ನು, ಖಾಲಿ ಮಾಡಿ, ಲಾಗಿನ್ ಇಲ್ಲದ ಕಿಟಕಿಯಲ್ಲಿ ಪುಟ ತೆರೆದು ನೋಡುತ್ತೇವೆ. ನಮ್ಮ ಲಾಗಿನ್‌ನಲ್ಲಿ ಹೊಸ ಬೆಲೆ ಕಂಡರೂ ಹೊರಗಿನವರಿಗೆ `cache` ನಲ್ಲಿ ಉಳಿದ ಹಳೆಯ ಪುಟವೇ ಹೋಗುತ್ತಿರಬಹುದು.

ಈಗ ಆರ್ಡರ್‌ಗಳ ಪಟ್ಟಿ. `Analytics` ಒಳಗೆ `Orders` ತೆರೆದು, `Advanced filters` ನಲ್ಲಿ ಆ ತೂಕವನ್ನು ಆರಿಸಿದರೆ ಅದಿರುವ ಆರ್ಡರ್‌ಗಳೆಲ್ಲ ಸಿಗುತ್ತವೆ. ಒಂದು ಎಚ್ಚರಿಕೆ ಬೇಕು: ಪೂರ್ವನಿಗದಿಯಲ್ಲಿ ಈ ವರದಿ `Pending payment` ಆರ್ಡರ್‌ಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೀರಾ ಈಚಿನವು ಬರಲು ಸ್ವಲ್ಪ ಹೊತ್ತು ಹಿಡಿಯುವುದೂ ಉಂಟು. ಆದ್ದರಿಂದ ಮಾಮೂಲಿ ಆರ್ಡರ್ ಪಟ್ಟಿಯನ್ನೂ ಒಮ್ಮೆ ಕಣ್ಣಲ್ಲೇ ಓದಬೇಕು. ₹410ಕ್ಕೆ ಹೋದ ಮೊದಲ ಒಂದು ಕೆ.ಜಿ. ಆರ್ಡರ್ ಸಿಕ್ಕಿದರೆ ತಪ್ಪು ಯಾವಾಗ ಶುರುವಾಯಿತು ಎಂಬುದೂ ಸರಿಸುಮಾರು ತಿಳಿಯುತ್ತದೆ.

ಒಪ್ಪಿ ಕಳಿಸುವುದೋ ಬೇಡವೋ ಎಂಬ ತೀರ್ಮಾನಕ್ಕೆ ಮೊದಲು ತಪ್ಪು ಸಂಖ್ಯೆ ಯಾವ ಖಾನೆಯಲ್ಲಿತ್ತು ಎಂದು ನೋಡುತ್ತೇವೆ. 410 ಇದ್ದದ್ದು `Sale price` ಖಾನೆಯಲ್ಲಾದರೆ ಪುಟದಲ್ಲಿ ₹800 ಹೊಡೆದುಹಾಕಿ ಪಕ್ಕದಲ್ಲಿ ₹410 ಎಂದು ಕಂಡಿರುತ್ತದೆ. ಅದನ್ನು ಆಫರ್ ಎಂದು ನಂಬಿದವರದ್ದು ತಪ್ಪಲ್ಲ, ಹಾಗಾಗಿ ನಷ್ಟವಾದರೂ ಕಳಿಸಿಬಿಡುತ್ತೇವೆ. ಇದ್ದದ್ದು `Regular price` ಖಾನೆಯಲ್ಲಾದರೆ ಅರ್ಧ ಕೆ.ಜಿ.ಗೂ ಒಂದು ಕೆ.ಜಿ.ಗೂ ಒಂದೇ ಬೆಲೆ ಕಂಡಿರುತ್ತದೆ; ಅಲ್ಲಿ ಕೊಂಡವರ ಜೊತೆ ಮಾತಾಡಲು ಜಾಗವಿದೆ. ‘ನಮ್ಮ ಕಡೆಯ ತಪ್ಪು, ಕ್ಯಾನ್ಸಲ್’ ಎಂದು ಒಂದು ಸಾಲು ಬರೆದು ಕೈತೊಳೆಯುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಒಂದು ಕಡೆಯವರು ಮಾತ್ರ ತಪ್ಪು ತಿಳಿದಿದ್ದರು ಎಂಬ ಕಾರಣಕ್ಕೆ ಕರಾರನ್ನು ರದ್ದುಮಾಡಲು ಬರುವುದಿಲ್ಲ.

ನಷ್ಟದ ಲೆಕ್ಕ ಹೀಗೆ. ₹410ರೊಳಗೆ ಶೇ 5 ಜಿಎಸ್‌ಟಿ ಸೇರಿದೆ, ಅದನ್ನು ತೆಗೆದರೆ ₹390.48. ಪೇಮೆಂಟ್ ಗೇಟ್‌ವೇ ಶೇ 2 ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ ಹಿಡಿದರೆ ಇನ್ನೊಂದು ₹9.68 ಹೋಗುತ್ತದೆ. ಕೈಗೆ ಸಿಗುವುದು ಸುಮಾರು ₹381. ಪುಡಿ, ಪೌಚ್, ಡಬ್ಬ ಸೇರಿ ಕೆ.ಜಿ.ಗೆ ₹600 ಖರ್ಚಿದ್ದರೆ ನಷ್ಟ ₹219. ಅಂಗಡಿಯಲ್ಲೇ ಇರುವ ಏಳು ಆರ್ಡರ್ ಒಂದೊಂದು ಕೆ.ಜಿ.ಯವಾದರೆ ಒಟ್ಟು ₹1,533. ಆ ಮೊತ್ತಕ್ಕೆ ಏಳು ಮನೆಯವರನ್ನು ಕಳೆದುಕೊಳ್ಳಬೇಕೇ ಎಂಬುದು ಅಂಗಡಿಯವರೇ ಯೋಚಿಸಬೇಕಾದ ಮಾತು. ಅದೇ ಒಂದು ಹೋಟೆಲಿನವರು 12 ಕೆ.ಜಿ. ಹಾಕಿದ್ದರೆ ಅವರೊಬ್ಬರಿಂದಲೇ ₹2,628. ಅಂಥವರಿಗೆ ಮೆಸೇಜ್ ಕಳಿಸುತ್ತಾ ಕೂರುವುದಕ್ಕಿಂತ ನೇರ ಫೋನ್ ಮಾಡುವುದೇ ಸರಿ. ಕೊರಿಯರ್‌ಗೆ ಹೋದ ಎರಡು ಪಾರ್ಸೆಲ್‌ಗಳ ಹಿಂದೆ ಮಾತ್ರ ಬೀಳುವುದಿಲ್ಲ. ಮಾಲು ಮನೆ ಸೇರಿದ ಮೇಲೆ ಹೆಚ್ಚಿನ ದುಡ್ಡು ಕೇಳಿದರೆ ಸಿಗುವುದು ಕೆಟ್ಟ ರಿವ್ಯೂ ಅಷ್ಟೇ.

ಉಳಿದವರಿಗೆ ಕಳಿಸುವ ವಾಟ್ಸ್ಯಾಪ್ ಹೀಗಿರುತ್ತದೆ:

“ನಮಸ್ಕಾರ ಮೇಡಂ. ನೀವು ಆರ್ಡರ್ ಮಾಡಿದ 80:20 ಪುಡಿ ಒಂದು ಕೆ.ಜಿ.ಗೆ ಸೈಟಿನಲ್ಲಿ ₹410 ಎಂದು ಬಿದ್ದಿತ್ತು. ಅದು ಅರ್ಧ ಕೆ.ಜಿ. ಬೆಲೆ, ಒಂದು ಕೆ.ಜಿ.ಗೆ ₹800. (1) ಕಟ್ಟಿರುವ ದುಡ್ಡಿಗೆ ಅರ್ಧ ಕೆ.ಜಿ. ಕಳಿಸಬಹುದು. (2) ₹390 ಸೇರಿಸಿದರೆ ಒಂದು ಕೆ.ಜಿ. ಕಳಿಸುತ್ತೇವೆ. (3) ಬೇಡವಾದರೆ ಡೆಲಿವರಿ ಚಾರ್ಜ್ ಸೇರಿ ಪೂರ್ತಿ ವಾಪಸ್. ಯಾವುದು ಎಂದು ತಿಳಿಸಿ, ಅಲ್ಲಿಯವರೆಗೆ ಪಾರ್ಸೆಲ್ ಕಟ್ಟುವುದಿಲ್ಲ.”

ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಂಡು ಅರ್ಧ ಕೆ.ಜಿ. ಕಳಿಸುವಂತಿಲ್ಲ. ಎರಡು ದಿನ ಕಾದು, ಒಮ್ಮೆ ಫೋನ್ ಮಾಡಿ, ಆಮೇಲೆ ಪೂರ್ತಿ ವಾಪಸ್. ಎರಡನೆಯದನ್ನು ಆರಿಸಿದವರಿಂದ ಒಟ್ಟು ಪಡೆಯುವ ಬೆಲೆ ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಎಂಆರ್‌ಪಿ ದಾಟಬಾರದು. ಹಳೆಯ ಎಂಆರ್‌ಪಿಯ ಪೌಚ್‌ಗಳು ರ‍್ಯಾಕಿನಲ್ಲಿ ಉಳಿದಿದ್ದರೆ ಇದನ್ನು ನೋಡಿಕೊಂಡೇ ಕಟ್ಟಬೇಕು.

ವ್ಯತ್ಯಾಸದ ₹390 ವಸೂಲಿಯಲ್ಲಿ ಬಹಳ ಜನ ಎಡವುತ್ತಾರೆ. `Processing` ನಲ್ಲಿರುವ ಆರ್ಡರನ್ನು ತಿದ್ದಲಾಗುವುದಿಲ್ಲ ಎಂದು `Pending payment` ಗೆ ಇಳಿಸಿ, ಬೆಲೆಯನ್ನು 800 ಮಾಡಿ ಪೇಮೆಂಟ್ ಲಿಂಕ್ ಕಳಿಸುತ್ತಾರೆ. ಮೊದಲೇ ₹410 ಬಂದಿದೆ ಎಂಬುದನ್ನು ವೂಕಾಮರ್ಸ್ ಕಳೆಯುವುದಿಲ್ಲ. ಲಿಂಕ್ ಪೂರ್ತಿ ₹800 ಕೇಳುತ್ತದೆ, ಕೊಂಡವರು ಎರಡು ಸಲ ಕಟ್ಟುತ್ತಾರೆ. ಅದಕ್ಕೆ ಗೇಟ್‌ವೇಯ ಡ್ಯಾಶ್‌ಬೋರ್ಡಿನಿಂದ ₹390ಕ್ಕೆ ಬೇರೆಯೇ ಲಿಂಕ್ ಮಾಡಿ, ಅದರ ಸಂಖ್ಯೆಯನ್ನು ಹಳೆಯ ಆರ್ಡರ್‌ನ ನೋಟ್‌ನಲ್ಲಿ ಬರೆದಿಡುತ್ತೇವೆ. ಸೈಟಿನಲ್ಲೇ ಹೊಸ ಆರ್ಡರ್ ಮಾಡಿ ಲಿಂಕ್ ಕಳಿಸುವವರು, ಅಡ್ಮಿನ್ ಪುಟದಲ್ಲಿ ಹಾಕುವ ಮೊತ್ತಕ್ಕೆ ತೆರಿಗೆ ಸೇರಿರುವುದಿಲ್ಲ ಎಂಬುದನ್ನು ನೆನಪಿಡಬೇಕು: 371.43 ಹಾಕಿದರೆ ಶೇ 5 ಸೇರಿ 390 ಆಗುತ್ತದೆ. ನಾವು ಬಿಲ್ಲನ್ನು ಪಾರ್ಸೆಲ್ ಕಟ್ಟುವಾಗಲೇ ತೆಗೆಯುವುದರಿಂದ ₹800ಕ್ಕೆ ಒಂದೇ ಬಿಲ್ ಹೋಗುತ್ತದೆ. ಬಿಲ್ ಆದ ಮೇಲೆ ದುಡ್ಡು ಇಳಿಸಿದರೆ ಕ್ರೆಡಿಟ್ ನೋಟ್, ಏರಿಸಿದರೆ ಡೆಬಿಟ್ ನೋಟ್ ಮಾಡಬೇಕಾಗುತ್ತದೆ.

ವಾಪಸ್ ಕೊಡುವಲ್ಲಿ ಎಡವುವ ಇನ್ನೊಂದು ಜಾಗ ಇದೆ. ಸ್ಥಿತಿಯನ್ನು `Cancelled` ಮಾಡಿದರೆ ದುಡ್ಡು ಹೋಗುವುದಿಲ್ಲ, ಪಟ್ಟಿಯಿಂದ `Refunded` ಆರಿಸಿದರೂ ಹೋಗುವುದಿಲ್ಲ. ಆರ್ಡರ್ ಒಳಗಿನ `Refund` ಒತ್ತಿ ಮೊತ್ತ ಹಾಕಿದಾಗ ಎರಡು ಗುಂಡಿ ಬರುತ್ತವೆ. ಗೇಟ್‌ವೇಯ ಹೆಸರಿರುವುದನ್ನು ಒತ್ತಿದರೆ ಮಾತ್ರ ಹಣ ಹೊರಡುತ್ತದೆ. `manually` ಎಂದಿರುವುದು ಬರೀ ಪುಸ್ತಕದಲ್ಲಿ ಬರೆದುಕೊಳ್ಳುವ ಗುಂಡಿ. ಎಲ್ಲ ಮುಗಿದ ಮೇಲೆ ಗೇಟ್‌ವೇಯ ಪಟ್ಟಿಯನ್ನು ಆರ್ಡರ್ ಪಟ್ಟಿಯ ಜೊತೆ ತಾಳೆ ನೋಡುತ್ತೇವೆ.

ಕ್ಯಾಶ್ ಆನ್ ಡೆಲಿವರಿಯಲ್ಲಿ ದುಡ್ಡಿನ ಗೊಂದಲವಿಲ್ಲ, ಫೋನಿನಲ್ಲಿ ಒಪ್ಪಿಸಿದರೆ ಆಯಿತು. ಆದರೆ ಲೇಬಲ್ ಮೊದಲೇ ಮುದ್ರಿಸಿದ್ದರೆ ವಸೂಲಿ ಮೊತ್ತ ಕೊರಿಯರ್‌ನವರ ಪೋರ್ಟಲ್‌ಗೂ ಹೋಗಿರುತ್ತದೆ. ಸೈಟಿನಲ್ಲಿ ತಿದ್ದಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹಳೆಯ ಲೇಬಲ್ ಕ್ಯಾನ್ಸಲ್ ಮಾಡಿ ಹೊಸದು ತೆಗೆಯಬೇಕು.

ಬೆಲೆಯ ಬದಲು ವಿವರ ತಪ್ಪಿದ್ದರೆ ಮಾತೇ ಬೇರೆ. ಪುಟದಲ್ಲಿ ‘ಚಿಕೋರಿ ಇಲ್ಲ’ ಎಂದಿದೆ, ಒಳಗಿರುವುದು 80:20 ಎಂದುಕೊಳ್ಳಿ. ಚಿಕೋರಿ ಬೆರೆಸಿದ ಕಾಫಿಯ ಪ್ಯಾಕೆಟ್ಟಿನ ಮೇಲೆ ಎರಡರ ಶೇಕಡಾವಾರು ಪ್ರಮಾಣವನ್ನು ಮುದ್ರಿಸಲೇಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಹಾಗಾಗಿ ಪ್ಯಾಕೆಟ್ಟೇ ನಮ್ಮ ಪುಟ ಸುಳ್ಳು ಎಂದು ಹೇಳುತ್ತದೆ. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಒಲ್ಲೆ ಎನ್ನುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳೂ ಹೇಳುತ್ತವೆ. ಇಲ್ಲಿ ತೀರ್ಮಾನ ನಮ್ಮದಲ್ಲ, ಕೊಂಡವರದು. ತಲುಪಿದ ಪಾರ್ಸೆಲ್‌ನವರಿಗೂ ನಾವಾಗಿಯೇ ಬರೆಯಬೇಕು: ಅದೇ ಬೆಲೆಗೆ ಚಿಕೋರಿ ಇಲ್ಲದ ಪುಡಿ, ಅಥವಾ ಪೂರ್ತಿ ಹಣ. ಒಡೆದ ಪ್ಯಾಕೆಟ್ ಮತ್ತೆ ಮಾರುವ ಮಾಲಲ್ಲ, ತರಿಸಿಕೊಳ್ಳುವ ಕೊರಿಯರ್ ಖರ್ಚು ಬೇರೆ. ಅದು ಅವರಲ್ಲೇ ಇರಲಿ ಎನ್ನುತ್ತೇವೆ.

ವಿವರದ ತಪ್ಪು ಯಾವತ್ತಿನಿಂದ ಇತ್ತು ಎಂದು ಹುಡುಕುವುದು ಕಷ್ಟ. ಬೆಲೆಯ ಹಾಗೆ ಅದು ಆರ್ಡರ್‌ನಲ್ಲಿ ಉಳಿಯುವುದಿಲ್ಲ. ಉತ್ಪನ್ನದ ವಿವರಣೆಯ ಹಳೆಯ ಪ್ರತಿಗಳನ್ನು ವೂಕಾಮರ್ಸ್ ತಾನಾಗಿ ಇಟ್ಟುಕೊಳ್ಳುವುದೂ ಇಲ್ಲ. ಹೋಸ್ಟಿಂಗ್‌ನ ಹಳೆಯ ಬ್ಯಾಕಪ್ ತೆರೆದು ನೋಡಬೇಕು. ಅದೂ ಸಿಗದಿದ್ದರೆ ಪುಟ ಹಾಕಿದ ದಿನದಿಂದ ಕೊಂಡ ಎಲ್ಲರಿಗೂ ಬರೆಯುವುದೇ ಉಳಿದ ದಾರಿ. ತಿದ್ದುವಾಗ ವಿವರಣೆಯಷ್ಟೇ ಅಲ್ಲ, ಚಿತ್ರದ ಮೇಲಿನ ಬರಹ, ವಾಟ್ಸ್ಯಾಪ್ ಕ್ಯಾಟಲಾಗ್, ಗೂಗಲ್‌ಗೆ ಹೋಗುವ ಫೀಡ್, ಇವಿಷ್ಟನ್ನೂ ನೋಡಬೇಕು. ಫೀಡಿನ ಬೆಲೆಯೂ ಪುಟದ ಬೆಲೆಯೂ ಹೊಂದದಿದ್ದರೆ ಗೂಗಲ್ ಆ ಉತ್ಪನ್ನವನ್ನು ತಡೆಹಿಡಿಯುತ್ತದೆ.

ಮತ್ತೆ ಮಾರಾಟ ತೆರೆಯುವ ಮುನ್ನ ಸ್ಟಾಕ್ ಕಡೆ ನೋಡಬೇಕು. ಹಣ ವಾಪಸ್ ಮಾಡುವಾಗ `Restock refunded items` ಗುರುತು ತಾನಾಗಿಯೇ ಬಿದ್ದಿರುತ್ತದೆ. ಹಾಗೇ ಬಿಟ್ಟರೆ 0 ಮಾಡಿಟ್ಟಿದ್ದ ಸಂಖ್ಯೆ 1 ಆಗಿ, ಮುಚ್ಚಿದ್ದ ತೂಕ ನಮಗೆ ತಿಳಿಯದೆಯೇ ಮತ್ತೆ ಮಾರಾಟಕ್ಕೆ ತೆರೆದುಕೊಳ್ಳುತ್ತದೆ. ಆಗ ಬೆಲೆ ಇನ್ನೂ ತಿದ್ದಿರದಿದ್ದರೆ 15ನೇ ಆರ್ಡರ್ ಕೂಡ ₹410ಕ್ಕೇ ಬೀಳುತ್ತದೆ. ಹಾಗಾಗಿ ಮೊದಲು ಸೊನ್ನೆ, ಆಮೇಲೆ ಬೆಲೆ, ಆಮೇಲೆ `cache`. ಇವು ಮೂರೂ ಆದ ಮೇಲೆಯೇ ರೀಫಂಡ್‌ಗೆ ಕೈಹಾಕುವುದು. ಕೊನೆಗೆ ರ‍್ಯಾಕಿನಲ್ಲಿರುವ ಪ್ಯಾಕೆಟ್ ಎಣಿಸಿ ಆ ಸಂಖ್ಯೆ ತುಂಬುತ್ತೇವೆ.