‘ಮಲೆಗಳಲ್ಲಿ ಮದುಮಗಳು’ ಓದಲು ಕೊಡುವಾಗ ನಾನು ಬರೆದ ಚೀಟಿ

ಪ್ರಥಮ ಪಿಯುಸಿಯ ಒಬ್ಬ ಹುಡುಗ ಪಠ್ಯದಾಚೆ ಏನನ್ನೂ ಓದುತ್ತಿರಲಿಲ್ಲ. ಅವನಿಗೆ ಕುವೆಂಪು ಅವರ ಈ ಕಾದಂಬರಿಯನ್ನು ಕೊಟ್ಟಾಗ ಮೊದಲ ಸಲ ನಾನು ಬರೆದದ್ದು ಬರಿಯ ಹೊಗಳಿಕೆ. ಹತ್ತು ದಿನಗಳ ನಂತರ ಪುಸ್ತಕವನ್ನು ಹಿಂದಿರುಗಿಸಿ, ‘ಸರ್, ಯಾರು ಯಾರು ಅಂತಲೇ ತಿಳಿಯಲಿಲ್ಲ’ ಎಂದ. ತಪ್ಪು ನನ್ನದೆಂದು ಆಗ ಅರಿವಾಯಿತು. ಕಷ್ಟ ಎಲ್ಲಿದೆಯೆಂದು ಮೊದಲೇ ಹೇಳದಿದ್ದರೆ, ಎಡವಿದ ಹುಡುಗ ತನಗೇ ಬುದ್ಧಿ ಸಾಲದೆಂದು ತಿಳಿದುಬಿಡುತ್ತಾನೆ.

ಎರಡನೆಯ ಚೀಟಿಯಲ್ಲಿ ನಿಜವನ್ನೇ ಬರೆದೆ. 1967ರಲ್ಲಿ ಪ್ರಕಟವಾದ ಈ ದೊಡ್ಡ ಕಾದಂಬರಿಗೆ ಒಬ್ಬನೇ ನಾಯಕನಿಲ್ಲ. ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಂಬಾಲಿಸಿ ಹೊರಟ ಕಥೆ, ನಮಗೆ ಅವರು ಹತ್ತಿರವಾಗುವಷ್ಟರಲ್ಲಿ, ಅವರನ್ನು ಬಿಟ್ಟು ಬೇರೊಂದು ಮನೆಯೊಳಗೆ ಹೊಕ್ಕು ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡಬೇಡ, ಮನೆಗಳನ್ನು ಬರೆದುಕೋ ಎಂದೆ. ಒಂದು ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ ಎಂದು ದೂರ ದೂರ ಬರೆದು, ಯಾರಾದರೂ ಬಂದಾಗ ಅವರ ಮನೆಯ ಕೆಳಗೆ ಹೆಸರು ಸೇರಿಸಬೇಕು. ಒಬ್ಬರು ಇನ್ನೊಂದು ಮನೆಗೆ ಹೋದರೆ ನಡುವೆ ಗೆರೆ ಎಳೆಯಬೇಕು.

ಮಾತಿನ ವಿಷಯವನ್ನೂ ಮುಚ್ಚಿಡಲಿಲ್ಲ. ಬಯಲುಸೀಮೆಯಲ್ಲಿ ಬೆಳೆದ ಅವನಿಗೆ ಹಳು, ಕಂಬಳಿಕೊಪ್ಪೆ ಮುಂತಾದ ಪದಗಳು ಹೊಸವು. ಪ್ರತಿ ಪದಕ್ಕೂ ನಿಘಂಟು ತೆರೆದರೆ ಓದು ನಿಂತುಹೋಗುತ್ತದೆ; ಒಂದೇ ಪದ ಮೂರನೆಯ ಸಲ ಎದುರಾದರೆ ಮಾತ್ರ ಕೇಳು ಎಂದೆ. ಸಂಭಾಷಣೆ ಅರ್ಥವಾಗದಿದ್ದಾಗ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಣ್ಣಿಗೆ ಅಪರಿಚಿತವಾದ ಎಷ್ಟೋ ಆಡುರೂಪಗಳು ಕಿವಿಗೆ ಪರಿಚಿತವಾಗಿರುತ್ತವೆ.

ಮೂರನೆಯ ಎಚ್ಚರಿಕೆಯನ್ನು ಬರೆಯಲು ನನಗೆ ಹೆಚ್ಚು ಹೊತ್ತು ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಜೀತ, ಅಸ್ಪೃಶ್ಯತೆ, ಹೆಂಗಸರ ಮೇಲಿನ ಕ್ರೌರ್ಯ ಇಲ್ಲಿ ಮರೆಯಿಲ್ಲದೆ ಬರುತ್ತವೆ, ಜಾತಿಯ ಹೆಸರುಗಳು ಆ ಕಾಲದವರ ಬಾಯಲ್ಲಿ ಇದ್ದಂತೆಯೇ ಬರುತ್ತವೆ. ಮನಸ್ಸಿಗೆ ನೋವಾದ ಪುಟವನ್ನು ಗುರುತಿಸಿಟ್ಟು ನನ್ನ ಬಳಿಗೆ ಬಾ, ಒಬ್ಬನೇ ನುಂಗಿಕೊಂಡು ಮುಂದೆ ಹೋಗಬೇಡ ಎಂದು ಬರೆದೆ. ಇಂಥ ಭಾಗಗಳನ್ನು ಹಾರಿಸಿ ಓದಲು ಮಾತ್ರ ನಾನು ಹೇಳಲಾರೆ, ಗುತ್ತಿ ತನ್ನ ತಿಮ್ಮಿಯೊಡನೆ ಓಡಿಹೋಗಲು ಎಷ್ಟು ಧೈರ್ಯ ಬೇಕಾಯಿತೆಂಬುದು ಅವುಗಳಿಲ್ಲದೆ ತಿಳಿಯುವುದಿಲ್ಲ.

ದಿನಕ್ಕೆ ಹದಿನೈದು ಪುಟ ಎಂದು ಗೊತ್ತುಮಾಡಿದೆವು. ನೂರು ಪುಟದವರೆಗೂ ಹಿಡಿಸದಿದ್ದರೆ ಪುಸ್ತಕ ಹಿಂದಿರುಗಿಸಬಹುದಿತ್ತು, ಕಾರಣ ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನಡುವೆ ಪರೀಕ್ಷೆ ಬಂದು ಮೂರು ವಾರ ಓದು ನಿಂತಿತು. ಆಮೇಲೆ ಒಂದು ದಿನ ಗೆರೆಗಳಿಂದ ತುಂಬಿದ ಆ ಹಾಳೆಯನ್ನು ಹಿಡಿದುಕೊಂಡು ಬಂದು, ಹುಲಿಯ ಕೊನೆಯವರೆಗೂ ಇರುತ್ತದೆಯೇ ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ.